ರಾತ್ರಿ ಉಳಿದ ಅನ್ನ, ಬೆಳಗಿನ ಚಿತ್ರಾನ್ನ: ನಮ್ಮ ಮೆಸ್ಸಿನಲ್ಲಿ ನಾನು ಮಾಡುವ ಕ್ರಮ

ರಾತ್ರಿಯಿಡೀ ಹೊರಗೇ ಇದ್ದ ಅನ್ನವನ್ನು ನಾನು ಯಾರಿಗೂ ಬಡಿಸುವುದಿಲ್ಲ. ಬಿಸಿ ಮಾಡಿದರೂ ಇಲ್ಲ, ಒಗ್ಗರಣೆ ಹಾಕಿದರೂ ಇಲ್ಲ. ಹಾಗಂತ ಉಳಿದ ಅನ್ನವನ್ನೆಲ್ಲ ಚೆಲ್ಲುತ್ತೇನೆ ಅಂದುಕೊಳ್ಳಬೇಡಿ. ಶಿವಮೊಗ್ಗದಲ್ಲಿ ಕಾಲೇಜು ಹುಡುಗರಿಗೆ ಊಟ ಹಾಕುವ ಸಣ್ಣ ಮೆಸ್ ನಮ್ಮದು. ಹಬ್ಬ, ಪರೀಕ್ಷೆ ಅಂತ ಅರ್ಧ ಹುಡುಗರು ಊಟಕ್ಕೆ ಬರದೆ ಹೋದ ರಾತ್ರಿ ನಾಲ್ಕೈದು ಕೆಜಿ ಅನ್ನ ಹಾಗೇ ಉಳಿಯುತ್ತದೆ. ಅದನ್ನು ಬೆಳಿಗ್ಗೆ ಚಿತ್ರಾನ್ನ ಮಾಡುತ್ತೇನೆ. ಆದರೆ ಅದಕ್ಕೆ ಬೇಕಾದ ಕೆಲಸವೆಲ್ಲ ಹಿಂದಿನ ರಾತ್ರಿಯೇ, ಊಟ ಮುಗಿದು ಒಂದು ಗಂಟೆಯೊಳಗೆ ಮುಗಿದಿರಬೇಕು. ಯಾಕೆ ಅಂತ ಹೇಳುತ್ತೇನೆ.

ಅಡುಗೆಗೆ ಸಹಾಯಕ್ಕೆ ಬರುವ ಅಕ್ಕ ಮೊದಮೊದಲು ಕೇಳುತ್ತಿದ್ದರು. "ಬೆಳಿಗ್ಗೆ ಚೆನ್ನಾಗಿ ಹುರೀತೀವಲ್ಲಮ್ಮ, ಆ ಬಿಸಿಗೆ ಎಲ್ಲ ಸಾಯಲ್ವಾ?" ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಬೇರೆ ಅಡುಗೆಗೆ ಈ ಮಾತು ಸುಮಾರಾಗಿ ಸರಿ. ಅನ್ನಕ್ಕೆ ಸರಿಯಲ್ಲ.

ಅಕ್ಕಿಯ ಜೊತೆ ಗದ್ದೆಯ ಮಣ್ಣಿನಿಂದಲೇ ಒಂದು ಬ್ಯಾಕ್ಟೀರಿಯಾ ಬರುತ್ತದೆ, ಹೆಸರು ಬ್ಯಾಸಿಲಸ್ ಸೀರಿಯಸ್. ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಣ ಅಕ್ಕಿಯಲ್ಲಿ ಅದು ಗಟ್ಟಿ ಸಿಪ್ಪೆಯ ಬೀಜದ ಹಾಗೆ ಮಲಗಿರುತ್ತದೆ, ಇದಕ್ಕೆ ಸ್ಪೋರ್ ಅನ್ನುತ್ತಾರೆ. ತೆರೆದ ಡಬರಿಯಲ್ಲಿ ಅನ್ನ ಕುದಿಯುವುದು 100 ಡಿಗ್ರಿಯಲ್ಲಿ, ಆ ಬಿಸಿಗೆ ಎಲ್ಲ ಸ್ಪೋರ್‌ಗಳೂ ಸಾಯುವುದಿಲ್ಲ. ಸಾಯುವುದಿರಲಿ, ಅದೇ ಬಿಸಿ ಅವನ್ನು ಎಬ್ಬಿಸುತ್ತದೆ. ಆಮೇಲೆ ಅನ್ನ ಆರುತ್ತಾ 50 ಡಿಗ್ರಿಗಿಂತ ಕೆಳಗೆ ಬಂತೋ, ಅವು ಮೊಳೆತು ಬೆಳೆಯಲು ಶುರು ಮಾಡುತ್ತವೆ. ಸುಮಾರು 30ರಿಂದ 37 ಡಿಗ್ರಿ ಅವಕ್ಕೆ ಹೇಳಿ ಮಾಡಿಸಿದ ಜಾಗ. ಹಾಗೆ ಬೆಳೆಯುವಾಗ ಇವುಗಳಲ್ಲಿ ಕೆಲವು ಜಾತಿ ಅನ್ನದಲ್ಲೇ ಒಂದು ವಿಷ ಬಿಡುತ್ತವೆ, ಸೆರ್ಯುಲೈಡ್ ಅಂತ. ವಾಂತಿ ಮಾಡಿಸುವುದು ಇದೇ.

ಈ ವಿಷಕ್ಕೆ ಬಿಸಿ ಲೆಕ್ಕಕ್ಕೇ ಇಲ್ಲ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಅದು ಹಾಳಾಗುವುದಿಲ್ಲ. ಪ್ರೆಶರ್ ಕುಕ್ಕರ್ ಒಳಗಿನ ಬಿಸಿ ಹೆಚ್ಚುಕಡಿಮೆ ಅಷ್ಟೇ. ಬಾಣಲೆಯಲ್ಲಿ ಐದು ನಿಮಿಷ ಹುರಿದರೆ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಹಾಗೇ ಉಳಿಯುತ್ತದೆ. ನಿಂಬೆಹುಳಿಗೂ ಅದು ಜಗ್ಗುವುದಿಲ್ಲ, ಅರಿಶಿನಕ್ಕೂ ಇಲ್ಲ. ವಾಸನೆ ಇಲ್ಲ, ರುಚಿ ಇಲ್ಲ, ಅನ್ನ ಅಂಟಂಟಾಗುವುದೂ ಇಲ್ಲ. ಲೋಳೆ ಬಂದ, ಹಳಸಿದ ಅನ್ನವನ್ನು ಎಲ್ಲರೂ ಚೆಲ್ಲುತ್ತಾರೆ. ಅಪಾಯ ಇರುವುದು ಮೂಸಿ ನೋಡಿದಾಗ ಚೆನ್ನಾಗೇ ಇರುವ ಅನ್ನದಲ್ಲಿ.

ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಕೊಂಡ ಮೇಲೆ ನನಗೆ ಇದು ಕಣ್ಣಿಗೆ ಕಟ್ಟಿತು. ಒಂದು ರಾತ್ರಿ ಬೇಕೆಂದೇ ಉಳಿದ ಅನ್ನವನ್ನು, ಸುಮಾರು ಐದು ಕೆಜಿ, ಡಬರಿಯಲ್ಲೇ ಮುಚ್ಚಿಟ್ಟು ನಡುಮಧ್ಯಕ್ಕೆ ಚುಚ್ಚಿ ನೋಡುತ್ತಾ ಹೋದೆ. ರಾತ್ರಿ 9ಕ್ಕೆ 78 ಡಿಗ್ರಿ. 11ಕ್ಕೆ 56. ಒಂದು ಗಂಟೆಗೆ 43. ಬೆಳಿಗ್ಗೆ ಐದೂವರೆಗೆ ಇನ್ನೂ 33. ಆ ಹೊತ್ತಿಗೆ ಡಬರಿಯ ಹೊರಮೈ ತಣ್ಣಗಿತ್ತು, ಮೇಲಿನ ಅನ್ನವೂ ತಣ್ಣಗಿತ್ತು. ಕೈ ಇಟ್ಟು ನೋಡಿದವರು ಯಾರೂ ಒಳಗೆ ಇಷ್ಟು ಬೆಚ್ಚಗಿದೆ ಅನ್ನುತ್ತಿರಲಿಲ್ಲ. (ಆ ಅನ್ನ ಗೊಬ್ಬರದ ಗುಂಡಿಗೆ ಹೋಯಿತು.)

ಲೆಕ್ಕ ಹಾಕಿ ನೋಡಿ. 50ರಿಂದ 33ರವರೆಗೆ ಇಳಿಯಲು ಐದೂವರೆ ಗಂಟೆ ಹಿಡಿಯಿತು, ಬೆಳಿಗ್ಗೆ ಒಗ್ಗರಣೆ ಹಾಕುವ ಹೊತ್ತಿಗೆ ಆರು ಗಂಟೆ ಮೀರಿರುತ್ತದೆ. ಈ ಬಿಸಿಯಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತದೆ ಅಂತ ಇಟ್ಟುಕೊಂಡರೆ ಆರು ಗಂಟೆಯಲ್ಲಿ ಹನ್ನೆರಡು ಸಲ, ಅಂದರೆ ನಾಲ್ಕು ಸಾವಿರ ಪಟ್ಟು. ಒಂದು ಗ್ರಾಂ ಅನ್ನದಲ್ಲಿ ನೂರು ಇದ್ದದ್ದು ನಾಲ್ಕು ಲಕ್ಷ. ಸಾಮಾನ್ಯವಾಗಿ ಗ್ರಾಂಗೆ ಒಂದು ಲಕ್ಷ ದಾಟಿದರೆ ತಿಂದವರು ಕಾಯಿಲೆ ಬೀಳಬಹುದು. ಮೊಳೆಯಲು ಒಂದಷ್ಟು ಹೊತ್ತು ಬೇಕು, ಹಾಗಾಗಿ ಲೆಕ್ಕ ಸ್ವಲ್ಪ ಹಿಂದುಮುಂದಾಗಬಹುದು. ಆದರೆ ಒಂದು ರಾತ್ರಿ ಯಾಕೆ ಸಾಕು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಸೀಮಂತದ ಊಟಕ್ಕೆ ಮಧ್ಯಾಹ್ನ ಮಾಡಿದ ಅನ್ನ ದೊಡ್ಡ ಪಾತ್ರೆಯಲ್ಲಿ ಬಟ್ಟೆ ಮುಚ್ಚಿಕೊಂಡು ಮರುದಿನದವರೆಗೂ ಹಾಗೇ ಇತ್ತು. ಬೆಳಿಗ್ಗೆ ಉಳಿದುಕೊಂಡಿದ್ದ ನೆಂಟರಿಗೆ ಅದರಲ್ಲೇ ಚಿತ್ರಾನ್ನ. ಎಂಟಕ್ಕೆ ತಿಂದವರು ಹತ್ತೂವರೆಗೆಲ್ಲ ಒಬ್ಬರಾದ ಮೇಲೆ ಒಬ್ಬರು ವಾಂತಿ. ಜ್ವರ ಯಾರಿಗೂ ಇರಲಿಲ್ಲ. ಎಲ್ಲರ ಅನುಮಾನ ಹಿಂದಿನ ದಿನದ ಕೋಸಂಬರಿ ಮೇಲೆ. ಆದರೆ ಕೋಸಂಬರಿ ತಿಂದವರು ನೂರಕ್ಕೂ ಜಾಸ್ತಿ ಜನ, ಅವರಲ್ಲಿ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಆ ಬೆಳಿಗ್ಗೆ ಬರೀ ಅವಲಕ್ಕಿ ತಿಂದ ಇಬ್ಬರು ಚೆನ್ನಾಗಿದ್ದರು. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ವಿಷ ತಿಂಡಿಯಲ್ಲೇ ತಯಾರಾಗಿತ್ತು ಅಂತ ಅರ್ಥ, ಹೊಟ್ಟೆಯೊಳಗೆ ಹೋಗಿ ಬೆಳೆಯಲು ಅಷ್ಟು ಬೇಗ ಆಗುವುದಿಲ್ಲ. ಯಾವುದನ್ನೂ ಲ್ಯಾಬಿಗೆ ಕಳಿಸಲಿಲ್ಲ, ಕಲಸಿದ ಕೈಯಿಂದ ಬರುವ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಇಂಥದೇ ವಿಷ ಬಿಡುತ್ತದೆ, ಹಾಗಾಗಿ ಇದೇ ಅಂತ ಆಣೆ ಇಟ್ಟು ಹೇಳಲಾಗದು. ಎರಡಕ್ಕೂ ಅವಕಾಶ ಕೊಟ್ಟದ್ದು ಮಾತ್ರ ಹೊರಗಿದ್ದ ಅನ್ನವೇ. ಸಂಜೆ ಹೊತ್ತಿಗೆ ಎಲ್ಲರೂ ಎದ್ದು ಕೂತರು. ಬ್ಯಾಸಿಲಸ್ ಸೀರಿಯಸ್‌ನದೇ ಇನ್ನೊಂದು ಬಗೆ ತಡವಾಗಿ, ಆರರಿಂದ ಹದಿನೈದು ಗಂಟೆಯೊಳಗೆ ಹೊಟ್ಟೆನೋವು, ಭೇದಿ ತರುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಕರುಳಿಗೆ ಹೋಗಿ ಅಲ್ಲಿ ವಿಷ ಬಿಡುತ್ತದೆ.

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. 1970ರ ದಶಕದಲ್ಲಿ ಇಂಗ್ಲೆಂಡಿನ ಚೈನೀಸ್ ಹೋಟೆಲುಗಳಲ್ಲಿ ಫ್ರೈಡ್ ರೈಸ್ ತಿಂದವರು ಸಾಲುಸಾಲಾಗಿ ವಾಂತಿ ಮಾಡಿಕೊಂಡಾಗಲೇ ಈ ಬ್ಯಾಕ್ಟೀರಿಯಾಕ್ಕೂ ಅನ್ನಕ್ಕೂ ಇರುವ ನಂಟು ಚೆನ್ನಾಗಿ ಗೊತ್ತಾಗಿದ್ದು. ಅಲ್ಲೂ ಕಾರಣ ನಮ್ಮದೇ. ಫ್ರಿಜ್‌ನಲ್ಲಿಟ್ಟರೆ ಅನ್ನ ಗಂಟುಕಟ್ಟುತ್ತದೆ, ಹುರಿಯಲು ಉದುರುದುರಾಗಿ ಬರಲ್ಲ ಅಂತ ಬೇಯಿಸಿದ ಅನ್ನವನ್ನು ಹೊರಗೇ ಬಿಡುತ್ತಿದ್ದರು.

ಗಂಟುಕಟ್ಟುವುದು ನಿಜ, ಆದರೆ ಅದು ಬಿಸಿ ಅನ್ನವನ್ನು ಒತ್ತಿ ಡಬ್ಬಿಗೆ ತುಂಬಿದರೆ ಮಾತ್ರ. ನಾನು ಮಾಡುವುದು ಹೀಗೆ. ಒಂಬತ್ತಕ್ಕೆ ಊಟ ಮುಗಿದ ತಕ್ಷಣ ಉಳಿದ ಅನ್ನವನ್ನು ಅಗಲವಾದ ಸ್ಟೀಲ್ ಪರಾತಗಳಿಗೆ ಸುರಿದು ಎರಡು ಬೆರಳು ದಪ್ಪಕ್ಕೆ ಹರಡುತ್ತೇನೆ. ಅದಕ್ಕಿಂತ ದಪ್ಪ ಆಗಬಾರದು, ಎಲ್ಲ ಇರುವುದು ಇದರಲ್ಲೇ. ಒಣಗಿದ, ಶುಚಿಯಾದ ಸೌಟು ಬಳಸಬೇಕು, ಊಟಕ್ಕೆ ಬಡಿಸಿದ ಸೌಟು ಬೇಡ, ಕೈಯಂತೂ ಬೇಡವೇ ಬೇಡ. ಫ್ಯಾನ್ ಹಾಕಿ ಹತ್ತು ನಿಮಿಷಕ್ಕೊಮ್ಮೆ ಮಗುಚುತ್ತೇನೆ. ಮೇಲಿನ ಹಬೆ ಹೋಗುತ್ತಿದ್ದಂತೆ ಕಾಳು ಕಾಳು ಬಿಡಿಯಾಗುವುದು ಕಣ್ಣಿಗೇ ಕಾಣುತ್ತದೆ. 78 ಇದ್ದದ್ದು ಮುಕ್ಕಾಲು ಗಂಟೆಯೊಳಗೆ 30ಕ್ಕೆ ಬರುತ್ತದೆ. ಡಬರಿಯಲ್ಲಿ ಇಡೀ ರಾತ್ರಿ ಕಳೆದರೂ ಇಳಿಯದ ಬಿಸಿ ಇಲ್ಲಿ ಅಷ್ಟರಲ್ಲೇ ಇಳಿಯುತ್ತದೆ. ತಕ್ಷಣ ತಗ್ಗು ಡಬ್ಬಿಗಳಿಗೆ ಸಡಿಲವಾಗಿ ಹಾಕಿ ಫ್ರಿಜ್‌ಗೆ. ಮೊದಲ ಒಂದು ಗಂಟೆ ಮುಚ್ಚಳ ಸ್ವಲ್ಪ ಓರೆ ಇಡುತ್ತೇನೆ, ಆಮೇಲೆ ಮುಚ್ಚುತ್ತೇನೆ. ಫ್ರಿಜ್ ಒಳಗೆ 5 ಡಿಗ್ರಿಗಿಂತ ಕಡಿಮೆ ಇರಬೇಕು. ಬಾಗಿಲಿನ ಹತ್ತಿರ ಇಡಬೇಡಿ, ಪದೇಪದೇ ತೆಗೆದರೆ ಅಲ್ಲಿ ಬಿಸಿ ಏರುತ್ತದೆ.

ಮನೆಯಲ್ಲಿ ಎರಡು ಲೋಟ ಅಕ್ಕಿಯ ಅನ್ನ ಉಳಿದರೆ ಇಷ್ಟೆಲ್ಲ ಬೇಡ. ಊಟದ ತಟ್ಟೆಗಳಲ್ಲಿ ಹರಡಿ, ಕಾಲು ಗಂಟೆ ಫ್ಯಾನ್ ಕೆಳಗಿಟ್ಟು ಫ್ರಿಜ್‌ಗೆ ಹಾಕಿದರೆ ಆಯಿತು.

ಬೆಳಿಗ್ಗೆ ಒಗ್ಗರಣೆ ಪೂರ್ತಿ ತಯಾರಾದ ಮೇಲೆ ಅನ್ನವನ್ನು ಹೊರಗೆ ತೆಗೆಯುತ್ತೇನೆ. ಫ್ರಿಜ್‌ನ ಅನ್ನ ಗಟ್ಟಿ ಇರುತ್ತದೆ, ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ, ಹಬೆ ಆಡುವವರೆಗೂ ಬಿಸಿ ಮಾಡಿದರೆ ಹೊಸ ಅನ್ನದ ಹಾಗೇ ಆಗುತ್ತದೆ. ಆ ಬೆಳಿಗ್ಗೆಯೇ ಮುಗಿಯಬೇಕು. ಮತ್ತೆ ಉಳಿದರೆ ಮತ್ತೆ ಫ್ರಿಜ್‌ಗೆ ಹೋಗುವುದಿಲ್ಲ. ರಾತ್ರಿ ಕರೆಂಟ್ ಹೋಗಿ ಫ್ರಿಜ್ ಎಷ್ಟು ಹೊತ್ತು ನಿಂತಿತ್ತು ಅಂತ ಗೊತ್ತಿಲ್ಲದಿದ್ದರೆ ಥರ್ಮಾಮೀಟರ್ ಚುಚ್ಚುತ್ತೇನೆ. 10 ಡಿಗ್ರಿ ದಾಟಿದ್ದರೆ ಅವತ್ತು ಉಪ್ಪಿಟ್ಟು. ಹಾಟ್‌ಬಾಕ್ಸ್ ನಂಬಿ ರಾತ್ರಿಯಿಡೀ ಇಡುವುದು ಇನ್ನೂ ಕೆಟ್ಟದ್ದು. 60 ಡಿಗ್ರಿಗಿಂತ ಮೇಲೆ ಇರುವವರೆಗೆ ಸರಿ, ಅದರ ಕೆಳಗೆ ಇಳಿದ ಮೇಲೆ ಅದು ಬ್ಯಾಕ್ಟೀರಿಯಾಕ್ಕೆ ಬೇಕಾದ ಬೆಚ್ಚನೆಯನ್ನು ಗಂಟೆಗಟ್ಟಲೆ ಕಾಪಾಡುತ್ತದೆ.

"ನಮ್ಮಜ್ಜಿ ತಂಗಳನ್ನ ತಿಂದೇ ತೊಂಬತ್ತು ವರ್ಷ ಬದುಕಿದ್ರು" ಅಂತ ಹೇಳುವವರು ಇದ್ದೇ ಇರುತ್ತಾರೆ. ನಮ್ಮ ಮನೆಯಲ್ಲೂ ತಿಂದಿದ್ದೇವೆ. ಆದರೆ ಅಜ್ಜಿ ಅನ್ನವನ್ನು ಸುಮ್ನೆ ಬಿಡುತ್ತಿರಲಿಲ್ಲ. ರಾತ್ರಿಯೇ ಮುಳುಗುವಷ್ಟು ತಣ್ಣೀರು ಹಾಕಿ ಒಂದು ಸೌಟು ಹುಳಿಮಜ್ಜಿಗೆ ಬೆರೆಸಿಡುತ್ತಿದ್ದರು. ನೀರಿನಿಂದ ಅನ್ನ ಬೇಗ ಆರುತ್ತದೆ, ಮಜ್ಜಿಗೆಯ ಹುಳಿ ಬೆಳೆಯುತ್ತಾ ಹೋದರೆ ಈ ಬ್ಯಾಕ್ಟೀರಿಯಾಕ್ಕೆ ಬೆಳೆಯಲಾಗುವುದಿಲ್ಲ. ಹುಳಿ ಮೊದಲೇ ಇರಬೇಕು ಅನ್ನುವುದು ಮುಖ್ಯ. ಬೆಳಿಗ್ಗೆ ಮಜ್ಜಿಗೆ ಬೆರೆಸಿದರೆ ಅಷ್ಟರಲ್ಲಿ ತಯಾರಾದ ವಿಷ ಹೋಗುವುದಿಲ್ಲ. ಬರೀ ನೀರು ಹಾಕಿಟ್ಟರೂ ನಂಬುವ ಹಾಗಿಲ್ಲ, ಹುಳಿ ಬರುವುದು ಒಂದು ದಿನ ಬೇಗ, ಒಂದು ದಿನ ತಡ. ಮನೆಯಲ್ಲಿ ದೊಡ್ಡವರಿಗೆ ಅಂತ ಮಜ್ಜಿಗೆ ಹಾಕಿ ಮಾಡುತ್ತೇನೆ, ಈರುಳ್ಳಿ ಹಸಿಮೆಣಸಿನಕಾಯಿ ಜೊತೆ ಚೆನ್ನಾಗಿರುತ್ತದೆ. ಮೆಸ್ಸಿನಲ್ಲಿ ಕೊಡುವುದಿಲ್ಲ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ತೀರಾ ವಯಸ್ಸಾದವರಿಗೂ ಇಲ್ಲ.

ಒಣ ಅನ್ನ ಹೊರಗಿಟ್ಟು ತಿಂದೂ ಏನೂ ಆಗದವರು ಬಹಳ ಜನ ಇದ್ದಾರೆ, ಅದೂ ನಿಜ. ಎಲ್ಲ ಅಕ್ಕಿಯಲ್ಲೂ ವಿಷ ಬಿಡುವ ಜಾತಿ ಇರುವುದಿಲ್ಲ, ಸ್ವಲ್ಪ ಅನ್ನ ಬೇಗ ಆರುತ್ತದೆ, ಚಳಿಗಾಲದಲ್ಲಿ ಇನ್ನೂ ಬೇಗ. ಯಾವ ಅನ್ನದಲ್ಲಿ ಇದೆ ಅಂತ ನೋಡಿ ಹೇಳುವ ದಾರಿ ನಮ್ಮ ಅಡುಗೆಮನೆಯಲ್ಲಿ ಇಲ್ಲವಲ್ಲ.

ಯಾರಿಗಾದರೂ ಹೀಗೆ ಆದರೆ ಓಆರ್‌ಎಸ್ ಪುಡಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ, ಒಂದೇ ಸಲ ಲೋಟಗಟ್ಟಲೆ ಕೊಟ್ಟರೆ ಅದೂ ವಾಂತಿಯಾಗುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ನಿಲ್ಲುತ್ತದೆ. ಕುಡಿದದ್ದು ಏನೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಮಂಪರು ಬಂದರೆ, ಕಣ್ಣು ಹಳದಿಯಾದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಪರೂಪಕ್ಕೆ ಈ ವಿಷ ಲಿವರ್‌ಗೇ ಪೆಟ್ಟು ಕೊಡುತ್ತದೆ. 2008ರಲ್ಲಿ ಬೆಲ್ಜಿಯಂನಲ್ಲಿ ಐದು ದಿನ ಹೊರಗಿಟ್ಟ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದ 20 ವರ್ಷದ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಡಾಕ್ಟರ್ ಹತ್ತಿರ ಹೋದಾಗ ಏನು ತಿಂದಿರಿ ಅನ್ನುವುದರ ಜೊತೆ ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಗಂಟೆಗೆ ವಾಂತಿ ಶುರುವಾಯಿತು, ಅನ್ನ ಯಾವಾಗ ಮಾಡಿದ್ದು ಅಂತಲೂ ಹೇಳಿ.