ತಬಲಾ ಲೂಪನ್ನು ಹಾಡಿನ ವೇಗಕ್ಕೆ ಕೂರಿಸುವುದು ಹೇಗೆ? ಪೆಟ್ಟು ಕೆಡದಂತೆ, ಶ್ರುತಿ ತಪ್ಪದಂತೆ

ಭಾವಗೀತೆಯೊಂದಕ್ಕೆ ಟ್ರ್ಯಾಕ್ ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಹಾಡಿನ ವೇಗ 104 ಬಿಪಿಎಂ, ಶ್ರುತಿ ಕಪ್ಪು ಎರಡು. ನಿಮ್ಮ ಬಳಿ ಕೆಹರವಾ ತಾಳದ ಒಳ್ಳೆಯ ತಬಲಾ ಲೂಪ್ ಇದೆ, ಆದರೆ ಅದು 92ರ ವೇಗದಲ್ಲಿದೆ, ತಬಲಾ ಕಪ್ಪು ಒಂದಕ್ಕೆ ಶ್ರುತಿಯಾಗಿದೆ. ಸಾಫ್ಟ್‌ವೇರ್‌ಗೆ ಎಳೆದು ಬಿಟ್ಟರೆ ಅದೇ ಹಿಗ್ಗಿಸಿ ಕುಗ್ಗಿಸಿ ಹೊಂದಿಸುತ್ತದೆ, ನಿಜ. ಆದರೆ ‘ನ’ ಎಂಬ ಚುರುಕಾದ ಪೆಟ್ಟು ನೀರಿನೊಳಗಿಂದ ಬಂದಂತೆ ಮೆತ್ತಗಾಗುತ್ತದೆ. ಹಾಗಾಗದಂತೆ ಕೂರಿಸುವ ದಾರಿಯನ್ನು ರೀಪರ್ ಸಾಫ್ಟ್‌ವೇರಿನಲ್ಲಿ ನೋಡೋಣ. ಬೇರೆ ಸಾಫ್ಟ್‌ವೇರಿನಲ್ಲಿ ಗುಂಡಿಗಳ ಹೆಸರು ಬದಲಾಗಬಹುದು, ಲೆಕ್ಕ ಬದಲಾಗುವುದಿಲ್ಲ.

ಮೊದಲು ಅಳೆಯಿರಿ

ಫೈಲಿನ ಹೆಸರಿನಲ್ಲಿರುವ ಬಿಪಿಎಂ ನಂಬಬೇಡಿ. ನಾನು ಕೊಂಡ ಒಂದು ಲೂಪ್ ಪ್ಯಾಕ್‌ನಲ್ಲಿ 90 ಎಂದಿದ್ದದ್ದು ಅಳೆದಾಗ 92 ಆಗಿತ್ತು. ಅದು ಗೊತ್ತಾಗುವ ಹೊತ್ತಿಗೆ ಅರ್ಧ ಹಾಡಿನ ಗಿಟಾರ್ ರೆಕಾರ್ಡ್ ಆಗಿಹೋಗಿತ್ತು.

ಅಳೆಯುವುದು ಸುಲಭ. ಮೊದಲ ಪೆಟ್ಟು ಶುರುವಾಗುವ ಜಾಗದಿಂದ, ಲೂಪ್ ಮತ್ತೆ ಮೊದಲಿಗೆ ಬರಬೇಕಾದ ಜಾಗದವರೆಗೆ ಸರಿಯಾಗಿ ಕತ್ತರಿಸಿ. ಕೊನೆಯಲ್ಲಿ ಉಳಿಯುವ ಗುಂಗನ್ನು ಲೆಕ್ಕಕ್ಕೆ ಸೇರಿಸಬಾರದು. ನಮ್ಮ ಲೂಪ್ ನಾಲ್ಕು ಆವರ್ತ, ಅಂದರೆ ಮೆಟ್ರೊನೋಮಿನ 16 ಬೀಟ್. ಉದ್ದ 10.435 ಸೆಕೆಂಡ್. 16ನ್ನು 60ರಿಂದ ಗುಣಿಸಿ ಆ ಉದ್ದದಿಂದ ಭಾಗಿಸಿದರೆ 92 ಬರುತ್ತದೆ. ಗುಂಗನ್ನೂ ಸೇರಿಸಿ 10.6 ಸೆಕೆಂಡ್ ಎಂದುಕೊಂಡರೆ 90.6 ಬರುತ್ತದೆ. ಆ ತಪ್ಪು ಲೆಕ್ಕದ ಮೇಲೆ ಏನೇ ಮಾಡಿದರೂ ಎರಡನೇ ಆವರ್ತಕ್ಕೇ ತಬಲಾ ತಾಳದಿಂದ ಜಾರತೊಡಗುತ್ತದೆ.

ಹಿಗ್ಗಿಸದೆಯೇ ಆಗುತ್ತದೆಯೇ?

ಹಳೆಯ ಟೇಪ್ ರೆಕಾರ್ಡರನ್ನು ಜೋರಾಗಿ ಓಡಿಸಿದರೆ ವೇಗವೂ ಏರುತ್ತಿತ್ತು, ಶ್ರುತಿಯೂ ಏರುತ್ತಿತ್ತು. ಕಂಪ್ಯೂಟರಿನಲ್ಲಿ ಇವತ್ತಿಗೂ ಅತ್ಯಂತ ಶುದ್ಧವಾದ ದಾರಿ ಅದೇ, ಏಕೆಂದರೆ ಧ್ವನಿಯನ್ನು ತುಂಡು ಮಾಡಿ ಮತ್ತೆ ಹೆಣೆಯುವ ಕೆಲಸ ಅಲ್ಲಿಲ್ಲ. ಪೆಟ್ಟು ಪೆಟ್ಟಾಗಿಯೇ ಉಳಿಯುತ್ತದೆ. ಹಾಗಾಗಿ, ವೇಗ ಏರಿಸಿದರೆ ಶ್ರುತಿ ಎಷ್ಟು ಏರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ:

```
12 × log2(104 / 92) = 2.12
```

ಅಂದರೆ ಎರಡು ಸೆಮಿಟೋನ್, ಮೇಲೆ 12 ಸೆಂಟ್. ಕಪ್ಪು ಒಂದರಿಂದ ಕಪ್ಪು ಎರಡಕ್ಕೆ ಇರುವುದೂ ಎರಡೇ ಸೆಮಿಟೋನ್! ವೇಗ, ಶ್ರುತಿ ಎರಡೂ ಒಂದೇ ಏಟಿಗೆ ಹೆಚ್ಚುಕಡಿಮೆ ಕೂತವು. ಐಟಂ ಮೇಲೆ F2 ಒತ್ತಿ, `Preserve pitch when changing rate` ಎದುರಿನ ಗುರುತು ತೆಗೆದು, `Playback rate` ಜಾಗದಲ್ಲಿ 1.1304 ಬರೆಯಿರಿ.

ಉಳಿದ 12 ಸೆಂಟನ್ನು ಕಡೆಗಣಿಸಬಹುದೇ? ಗುಂಗಿಲ್ಲದ ಒಣ ಪೆಟ್ಟುಗಳಲ್ಲಿ ಅದು ಗೊತ್ತಾಗುವುದಿಲ್ಲ. ಆದರೆ ದಾಯಾಂನ ‘ತಿನ್’ ನಾದ ತಂಬೂರದ ಜೊತೆ ನಿಂತಾಗ ಗೊತ್ತಾಗುತ್ತದೆ. ಕಪ್ಪು ಎರಡರ ಷಡ್ಜ ಸುಮಾರು 311 ಹರ್ಟ್ಸ್. ಅದರಲ್ಲಿ 12 ಸೆಂಟ್ ವ್ಯತ್ಯಾಸವಿದ್ದರೆ ಸೆಕೆಂಡಿಗೆ ಎರಡು ಬಾರಿ ನಾದ ತೂಗಾಡಿದಂತೆ ಕೇಳಿಸುತ್ತದೆ. ಗಾಯಕರ ಧ್ವನಿ ಇನ್ನೂ ರೆಕಾರ್ಡ್ ಆಗಿಲ್ಲವಾದರೆ ನಾನು ಹಾಡಿನ ವೇಗವನ್ನೇ 103.27ಕ್ಕೆ ಇಳಿಸಿ, ರೇಟ್ 1.1225 ಕೊಡುತ್ತೇನೆ. ಆಗ ಏರಿಕೆ ಸರಿಯಾಗಿ ಎರಡು ಸೆಮಿಟೋನ್. 104ಕ್ಕೂ 103.27ಕ್ಕೂ ಇರುವ ವ್ಯತ್ಯಾಸ ಹಾಡುವವರಿಗೂ ಕೇಳುವವರಿಗೂ ತಿಳಿಯುವುದಿಲ್ಲ. ಧ್ವನಿ ಆಗಲೇ ರೆಕಾರ್ಡ್ ಆಗಿದ್ದರೆ ಮಾತ್ರ `Pitch adjust` ಜಾಗದಲ್ಲಿ -0.12 ಹಾಕಿ, ಪೆಟ್ಟು ಮೆತ್ತಗಾಗಿದೆಯೇ ಎಂದು ಕಿವಿಗೊಟ್ಟು ಕೇಳಿ.

ಈ ದಾರಿಗೂ ಮಿತಿಯಿದೆ. ಎರಡು, ಹೆಚ್ಚೆಂದರೆ ಮೂರು ಸೆಮಿಟೋನ್ ಏರಿದರೆ ಚಿಕ್ಕ ಬಾಯಿಯ ತಬಲಾದಂತೆ ಸಹಜವಾಗಿಯೇ ಕೇಳುತ್ತದೆ. ಅದಕ್ಕಿಂತ ಮೇಲೆ ಹೋದರೆ ಡಗ್ಗಾದ ತೂಕ ಹೋಗಿ, ಡಬ್ಬ ಬಡಿದಂತಾಗುತ್ತದೆ.

ಶ್ರುತಿ ಅಲ್ಲೇ ಇರಬೇಕು, ವೇಗ ಮಾತ್ರ ಏರಬೇಕು

ಹಾಡೂ ಕಪ್ಪು ಒಂದರಲ್ಲೇ ಇದ್ದರೆ ಮೇಲಿನ ದಾರಿ ನಡೆಯುವುದಿಲ್ಲ. ಹಾಗೆಂದು ತಕ್ಷಣ ಸ್ಟ್ರೆಚ್‌ಗೆ ಹೋಗಬೇಕಾಗಿಲ್ಲ. ಸ್ಟ್ರೆಚ್ ಮಾಡುವಾಗ ಪೆಟ್ಟು ಏಕೆ ಕೆಡುತ್ತದೆ ಎಂದರೆ, ಅನೇಕ ವಿಧಾನಗಳು ಧ್ವನಿಯನ್ನು ಸಣ್ಣ ಕಿಟಕಿಗಳಲ್ಲಿ ನೋಡಿ ಮತ್ತೆ ಜೋಡಿಸುತ್ತವೆ. 44.1 ಕಿಲೋಹರ್ಟ್ಸ್‌ನಲ್ಲಿ 4096 ಸ್ಯಾಂಪಲ್‌ಗಳ ಕಿಟಕಿ ಎಂದರೆ 93 ಮಿಲಿಸೆಕೆಂಡ್. ಒಂದೆರಡು ಮಿಲಿಸೆಕೆಂಡಿನಲ್ಲಿ ಸಿಡಿಯುವ ಪೆಟ್ಟು ಆ ಕಿಟಕಿಯ ಉದ್ದಕ್ಕೂ ಹರಡಿಬಿಡುತ್ತದೆ.

ತಬಲಾಕ್ಕೆ ಒಪ್ಪುವುದು ತುಂಡು ಮಾಡಿ ಸರಿಸುವ ದಾರಿ. 1994ರಲ್ಲಿ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ ಕಂಪನಿ ರೀಸೈಕಲ್ ಎಂಬ ತಂತ್ರಾಂಶದಲ್ಲಿ ತಂದದ್ದು ಇದನ್ನೇ. ರೀಪರಿನಲ್ಲಿ ಹೀಗೆ ಮಾಡಿ. ಖಾಲಿ ಪ್ರಾಜೆಕ್ಟಿನ ವೇಗವನ್ನು 92ಕ್ಕೆ ಇಟ್ಟು, ಲೂಪನ್ನು ಮೊದಲ ಬೀಟಿಗೆ ಕೂರಿಸಿ. D ಒತ್ತಿ, `Dynamic split` ಕಿಟಕಿಯಲ್ಲಿ `At transients` ಆರಿಸಿ ತುಂಡು ಮಾಡಿ. ಪ್ರತಿ ತುಂಡೂ ಪೆಟ್ಟಿಗಿಂತ ಒಂದೆರಡು ಮಿಲಿಸೆಕೆಂಡ್ ಮುಂಚೆ ಶುರುವಾಗಬೇಕು, ಇಲ್ಲದಿದ್ದರೆ ಪೆಟ್ಟಿನ ತುದಿಯೇ ಕತ್ತರಿಸಿಹೋಗುತ್ತದೆ. ಎಲ್ಲ ತುಂಡುಗಳ ಟೈಮ್‌ಬೇಸ್ `Beats (position only)` ಮಾಡಿ, ಆಮೇಲೆ ಪ್ರಾಜೆಕ್ಟಿನ ವೇಗವನ್ನು 104 ಮಾಡಿ. ತುಂಡುಗಳು ಹತ್ತಿರ ಸರಿಯುತ್ತವೆ, ಒಳಗಿನ ಧ್ವನಿ ಹಾಗೇ ಇರುತ್ತದೆ. ವಾದಕರು ಹಿಡಿದ ಸಣ್ಣ ಲಯದ ತೂಗಾಟವೂ ಅದೇ ಅನುಪಾತದಲ್ಲಿ ಉಳಿಯುತ್ತದೆ. ಹಾಗಾಗಿ ದಯವಿಟ್ಟು ತುಂಡುಗಳನ್ನು ಗ್ರಿಡ್‌ಗೆ ಕ್ವಾಂಟೈಜ್ ಮಾಡಬೇಡಿ.

ಬೀಟಿನ ಕಾಲು ಭಾಗ ಮೊದಲು 163 ಮಿಲಿಸೆಕೆಂಡ್ ಇತ್ತು, ಈಗ 144. ಪ್ರತಿ ತುಂಡಿನ ಬಾಲ ಮುಂದಿನ ಪೆಟ್ಟಿನ ಮೇಲೆ 19 ಮಿಲಿಸೆಕೆಂಡ್ ಹತ್ತಿ ಕೂತಿರುತ್ತದೆ. ಅಷ್ಟಕ್ಕೆ ಫೇಡ್ ಔಟ್ ಕೊಟ್ಟರೆ ಸಾಕು. ಎಚ್ಚರ ಬೇಕಾದದ್ದು ಡಗ್ಗಾದಲ್ಲಿ. ಅಂಗೈ ಒತ್ತಿ ‘ಗೆ’ಯನ್ನು ಜಾರಿಸುವ ಮೀಂಡ್ ಎರಡು ಮೂರು ಪೆಟ್ಟುಗಳ ಕೆಳಗೆ ಹರಿದಿರುತ್ತದೆ. ಸಾಫ್ಟ್‌ವೇರ್ ಅದರ ನಡುವೆ ಕತ್ತರಿ ಹಾಕಿದ್ದರೆ ಜಾರು ಮುರಿದು ‘ಟಕ್’ ಎನ್ನುತ್ತದೆ. ಆ ತುಂಡುಗಳನ್ನು ಮತ್ತೆ ಒಂದಾಗಿಸಿ.

ವೇಗ ಇಳಿಸಬೇಕಾದರೆ

ಇದು ಹೆಚ್ಚು ಕಷ್ಟ. 92ರಿಂದ 80ಕ್ಕೆ ಇಳಿಸಿದರೆ ತುಂಡುಗಳ ನಡುವೆ ಸುಮಾರು 25 ಮಿಲಿಸೆಕೆಂಡಿನ ಖಾಲಿ ಜಾಗ ಬೀಳುತ್ತದೆ. ಇಲ್ಲಿ ಸ್ಟ್ರೆಚ್ ಬೇಕೇ ಬೇಕು, ಆದರೆ ಬಾಲಕ್ಕೆ ಮಾತ್ರ. ಪ್ರತಿ ತುಂಡಿನ ಮೊದಲ 40 ಮಿಲಿಸೆಕೆಂಡನ್ನು ಮುಟ್ಟದೆ ಬಿಟ್ಟು, ಅಲ್ಲೊಂದು ಸ್ಟ್ರೆಚ್ ಮಾರ್ಕರ್ ಹಾಕಿ (Shift+W), ಉಳಿದದ್ದನ್ನಷ್ಟೇ ಎಳೆಯಿರಿ. ಉಳಿದ 123 ಮಿಲಿಸೆಕೆಂಡ್ 148 ಆಗಬೇಕು, ಅಂದರೆ ಐದನೇ ಒಂದು ಭಾಗ ಹೆಚ್ಚು. ಆರುತ್ತಿರುವ ನಾದ ಅಷ್ಟನ್ನು ತಡೆದುಕೊಳ್ಳುತ್ತದೆ. ಲೂಪಿನಲ್ಲಿ ಮೊದಲೇ ರಿವರ್ಬ್ ಸೇರಿದ್ದರೆ ಈ ಕೆಲಸ ಚೆನ್ನಾಗಿ ಬರುವುದಿಲ್ಲ. ಕೊಳ್ಳುವಾಗಲೇ ಒಣ ಲೂಪ್ ಆರಿಸಿಕೊಳ್ಳಿ.

ಕೆಟ್ಟಿದೆಯೇ ಎಂದು ತಿಳಿಯುವುದು

ಬೇರೆ ವಾದ್ಯಗಳನ್ನೆಲ್ಲ ಮ್ಯೂಟ್ ಮಾಡಿ, ಹೆಡ್‌ಫೋನಿನಲ್ಲಿ ಮೂಲ ಲೂಪನ್ನೂ ಹೊಸದನ್ನೂ ಒಂದರ ಹಿಂದೊಂದು ಕೇಳಿ. ‘ನ’ ಪೆಟ್ಟೊಂದನ್ನೇ ಹಿಡಿದು ಕೇಳಿ. ಒಂದು ಪೆಟ್ಟಿನ ಜಾಗದಲ್ಲಿ ‘ತನ’ ಎಂದು ಜೋಡಿ ಪೆಟ್ಟು ಕೇಳಿಸಿದರೆ, ಸ್ಟ್ರೆಚ್ ಅದೇ ತುಣುಕನ್ನು ಎರಡು ಸಲ ನುಡಿಸಿದೆ. ಕಿವಿಗೆ ಅನುಮಾನವಿದ್ದರೆ ತರಂಗವನ್ನು ಹಿಗ್ಗಿಸಿ ನೋಡಿ. ಮೂಲದಲ್ಲಿ ಪೆಟ್ಟಿನ ಎಡಕ್ಕೆ ಗೆರೆ ಸಪಾಟಾಗಿದ್ದು, ಹೊಸದರಲ್ಲಿ ಅಲ್ಲಿ ಸಣ್ಣ ಉಬ್ಬು ಕಂಡರೆ ಪೆಟ್ಟು ಹಿಂದಕ್ಕೆ ಸೋರಿದೆ. ಆ ತುಂಡನ್ನು ಅಳಿಸಿ ಮೂಲ ಫೈಲಿನಿಂದಲೇ ಮತ್ತೆ ಮಾಡಿ. ಒಮ್ಮೆ ಸ್ಟ್ರೆಚ್ ಆಗಿ ರೆಂಡರ್ ಆದದ್ದನ್ನು ಮತ್ತೆ ಸ್ಟ್ರೆಚ್ ಮಾಡಿದರೆ ಹಳೆಯ ಸೋರಿಕೆಯೂ ಅದರ ಜೊತೆಗೇ ಹಿಗ್ಗುತ್ತದೆ.