ರೇ ಟ್ರೇಸಿಂಗ್ ಆನ್ ಮಾಡಿದ್ಮೇಲೆ ಮೊದಲು ಏನು ಇಳಿಸಬೇಕು?

ಆಟದಲ್ಲಿ ಬೆಳಕಿನ ಕಿರಣಗಳ ಹಾದಿ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸೋದೇ ರೇ ಟ್ರೇಸಿಂಗ್, ಅದರ ಕಿರಣಗಳ ಲೆಕ್ಕ ಪಿಕ್ಸೆಲ್‌ಗಳ ಮೇಲೆ ನಿಂತಿರುತ್ತೆ. ಹಾಗಾಗಿ ಮೊದಲು ಕೈ ಹಾಕಬೇಕಾದ್ದು ರೆಂಡರ್ ರೆಸಲ್ಯೂಶನ್‌ಗೆ. 1440p ಪರದೆಯಲ್ಲಿ, ಚಿಕ್ಕ ಚಿತ್ರವನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಅನ್ನು ಕ್ವಾಲಿಟಿಗೆ ಇಟ್ಟರೆ ಆಟ ಒಳಗೆ ಸುಮಾರು 960pನಲ್ಲಿ ರೆಂಡರ್ ಆಗುತ್ತೆ, ಅಂದರೆ ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್. ಆಮೇಲೆ ರಿಫ್ಲೆಕ್ಷನ್ ಒಂದು ಹಂತ ಇಳಿಸಿ. ಓಡಾಡುವಾಗ ಕೊಚ್ಚೆನೀರಿನ ಪ್ರತಿಬಿಂಬ ಯಾರು ನೋಡ್ತಾರೆ!

ಸರಾಸರಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳು, ಚೆನ್ನಾಗಿದ್ದೂ ತಿರುಗಿದಾಗ ಆಟ ತಡವರಿಸಿದರೆ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ವಿರ್ಯಾಮ್ ತುಂಬಿರಬಹುದು. 8 ಜಿಬಿ ಕಾರ್ಡ್‌ನಲ್ಲಿ ಇದು ಮಾಮೂಲು, ಟೆಕ್ಸ್ಚರ್ ಇಳಿಸಿ.

ರೆಸಲ್ಯೂಶನ್ ಇಳಿಸಿದರೂ ಎಫ್‌ಪಿಎಸ್ ಏರದೆ, ಜಿಪಿಯು ಬಳಕೆ 70%ರ ಆಸುಪಾಸಲ್ಲೇ ಇದ್ದರೆ ಅಡ್ಡಿ ಇರೋದು ಸಿಪಿಯುನಲ್ಲಿ. ಚಲಿಸುವ ವಸ್ತುಗಳಿಗಾಗಿ ರೇ ಟ್ರೇಸಿಂಗ್ ಪ್ರತಿ ಫ್ರೇಮ್‌ಗೂ ಸಿಪಿಯುಗೆ ಹೆಚ್ಚುವರಿ ಕೆಲಸ ಕೊಡುತ್ತೆ. ಜನಸಂದಣಿ ಸೆಟ್ಟಿಂಗ್ ತಗ್ಗಿಸಿ ನೋಡಿ. ಆಗಲೂ 60 ಎಫ್‌ಪಿಎಸ್ ಮುಟ್ಟದಿದ್ದರೆ ರೇ ಟ್ರೇಸಿಂಗ್ ಆಫ್ ಮಾಡೋದೇ ಜಾಣತನ. ನಡುವೆ ಹೊಸ ಫ್ರೇಮ್ ಸೃಷ್ಟಿಸಿ ಸೇರಿಸುವ ಫ್ರೇಮ್ ಜನರೇಶನ್ ಎಫ್‌ಪಿಎಸ್ ಅಂಕಿ ಏರಿಸುತ್ತೆ, ಮೌಸ್‌ನ ತಡ ಮಾತ್ರ ಇಳಿಯಲ್ಲ, ಸ್ವಲ್ಪ ಹೆಚ್ಚಲೂಬಹುದು.