ತಂತಿಯ ದಪ್ಪ ಸೊನ್ನೆಯಾದ ದಿನ

ಕೊಡಗಿನ ಪಿಯು ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಜುಲೈ ತಿಂಗಳ ಒಂದು ಮಧ್ಯಾಹ್ನ ದ್ವಿತೀಯ ಪಿಯುಸಿ ಹುಡುಗಿಯೊಬ್ಬಳು ರೆಕಾರ್ಡ್ ಬುಕ್ ಹಿಡಿದುಕೊಂಡು ಬಂದಳು. ಹೊರಗೆ ಜೋರು ಮಳೆ, ಲ್ಯಾಬ್‌ನಲ್ಲಿ ಹಗಲಲ್ಲೇ ಲೈಟ್ ಹಾಕಿದ್ದೆವು. ಗೊತ್ತಿರುವ ರೆಸಿಸ್ಟೆನ್ಸ್ ಜೊತೆ ಹೋಲಿಸಿ ಗೊತ್ತಿಲ್ಲದ್ದನ್ನು ಅಳೆಯುವ ಮೀಟರ್ ಬ್ರಿಡ್ಜ್ ಬಳಸಿ ಒಂದು ಕಾನ್‌ಸ್ಟಂಟನ್ ತಂತಿಯ ರೆಸಿಸ್ಟಿವಿಟಿ ಕಂಡುಹಿಡಿಯುವ ಪ್ರಯೋಗ ಅದು. ರೀಡಿಂಗ್‌ಗಳೆಲ್ಲ ಚೆನ್ನಾಗಿದ್ದವು. ಆದರೆ ತಂತಿಯ ವ್ಯಾಸ ಇರಬೇಕಾದ ಜಾಗದಲ್ಲಿ 0.00 ಮೀಟರ್ ಅಂತ ಬರೆದಿದ್ದಳು.

"ಇದೇನಮ್ಮ, ತಂತಿಗೆ ದಪ್ಪವೇ ಇಲ್ವಾ?" ಅಂದೆ.

"ಸರ್, ಎರಡು ದಶಮಾಂಶಕ್ಕೆ ರೌಂಡ್ ಮಾಡ್ಬೇಕು ಅಂತ ಹೈಸ್ಕೂಲಿಂದ ಹೇಳ್ಕೊಟ್ಟಿದ್ದಾರೆ" ಅಂದಳು.

ಅವಳು ಸುಳ್ಳು ಹೇಳಲಿಲ್ಲ. ಗಣಿತದ ಲೆಕ್ಕಗಳಲ್ಲಿ ಎರಡು ದಶಮಾಂಶ ಸ್ಥಾನಕ್ಕೆ ಉತ್ತರ ಕೊಡಿ ಅಂತ ಕೇಳುತ್ತಾರೆ. ಅದೇ ಅಭ್ಯಾಸ ಲ್ಯಾಬ್‌ಗೂ ಬರುತ್ತದೆ. ನಾನು ಓದುವಾಗಲೂ ಪ್ರಾಕ್ಟಿಕಲ್‌ನಲ್ಲಿ ಅಂಕ ಕಳೆದುಕೊಂಡದ್ದು ಇಲ್ಲೇ. ನನ್ನ ತಪ್ಪು ಅವಳದಕ್ಕೆ ಉಲ್ಟಾ. ಕ್ಯಾಲ್ಕುಲೇಟರ್ ತೋರಿಸಿದ ಅಷ್ಟೂ ಅಂಕಿಗಳನ್ನು ಬರೆದುಬಿಟ್ಟಿದ್ದೆ. ಯಾಕೆ ಅಂಕ ಹೋಯಿತು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಅದಕ್ಕೇ ಅವತ್ತು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ತಂತಿಯನ್ನು ಮೊದಲಿಂದ ಅಳೆದೆ.

ಸ್ಕ್ರೂ ಗೇಜ್‌ನಿಂದ ಶುರು ಮಾಡಿದೆವು. ಅದರ ಲೀಸ್ಟ್ ಕೌಂಟ್, ಅಂದರೆ ಅದು ತೋರಿಸಬಲ್ಲ ಅತಿ ಸಣ್ಣ ಅಳತೆ, 0.01 ಮಿ.ಮೀ. ತಂತಿ ಇಡದೆ ಸುಮ್ನೆ ಮುಚ್ಚಿದಾಗ ಹೆಡ್ ಸ್ಕೇಲ್‌ನ 3ನೇ ಗೆರೆ ಕೂಡುತ್ತಿತ್ತು. ಅಂದರೆ 0.03 ಮಿ.ಮೀ. ಜಾಸ್ತಿ ತೋರಿಸುತ್ತಿತ್ತು. ತಂತಿ ಇಟ್ಟಾಗ 0.49. ಕಳೆದರೆ 0.46 ಮಿ.ಮೀ. ಜಾಗ ಬದಲಿಸಿ ಐದು ಸಲ ನೋಡಿದೆವು. ಶೂನ್ಯದೋಷ ಕಳೆದ ಮೇಲೆ 0.46, 0.45, 0.47, 0.46, 0.46 ಬಂತು. ಸರಾಸರಿ 0.46. ಗೇಜ್ 0.01ಕ್ಕಿಂತ ಸಣ್ಣದನ್ನು ತೋರಿಸುವುದಿಲ್ಲ, ಹಾಗಾಗಿ ಸರಾಸರಿಯನ್ನೂ ಅಲ್ಲಿಗೇ ನಿಲ್ಲಿಸಿದೆವು.

ಆಮೇಲೆ ಅದೇ ಅಳತೆಯನ್ನು ಮೂರು ಸಾಲಲ್ಲಿ ಬರೆಯಲು ಹೇಳಿದೆ.

0.46 ಮಿ.ಮೀ.
0.046 ಸೆಂ.ಮೀ.
0.00046 ಮೀ.

ತಂತಿ ಒಂದೇ, ಅಳತೆಯೂ ಒಂದೇ. ಆದರೆ ದಶಮಾಂಶ ಸ್ಥಾನಗಳನ್ನು ಎಣಿಸಿದರೆ ಎರಡು, ಮೂರು, ಐದು. ಯೂನಿಟ್ ಬದಲಿಸಿದ ಹಾಗೆ ಅದು ಬದಲಾಗುತ್ತದೆ. ನಾವು ನಿಜವಾಗಿ ಓದಿದ ಅಂಕಿಗಳು ಮಾತ್ರ ಮೂರೂ ಸಾಲಲ್ಲಿ ಎರಡೇ: ನಾಲ್ಕು ಮತ್ತು ಆರು. ಮುಂದಿರುವ ಸೊನ್ನೆಗಳು ಬಿಂದುವಿನ ಜಾಗ ತೋರಿಸಲು ಬಂದವು, ಗೇಜ್‌ನಿಂದ ಬಂದವಲ್ಲ. ಹೀಗೆ ಓದಿದ ಅಂಕಿಗಳನ್ನೇ ಸಾರ್ಥಕ ಅಂಕಿಗಳು ಅನ್ನುತ್ತೇವೆ, ಲ್ಯಾಬ್ ಭಾಷೆಯಲ್ಲಿ ಸಿಗ್ ಫಿಗ್. ಮೂರನೇ ಸಾಲನ್ನು ಎರಡು ದಶಮಾಂಶಕ್ಕೆ ಕತ್ತರಿಸಿದರೆ ಓದಿದ್ದೆಲ್ಲ ಹೋಗಿ ಸೊನ್ನೆ ಉಳಿಯುತ್ತದೆ. ಅವಳ ರೆಕಾರ್ಡ್‌ನಲ್ಲಿ ಆದದ್ದು ಇದೇ. 4.6 × 10⁻⁴ ಮೀ. ಅಂತ ಬರೆದುಕೊಂಡರೆ ಈ ಗೊಂದಲವೇ ಬರುವುದಿಲ್ಲ.

ಕೊನೆಯ ಸೊನ್ನೆಯ ಕಥೆ ಬೇರೆ. ಇದಕ್ಕೆ ನನಗೆ ನೆನಪಾಗುವುದು ನಮ್ಮ ತೋಟದ ಮಳೆ ಪುಸ್ತಕ. ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ಒಂದು ಇಂಚಿಗೆ ನೂರು ಸೆಂಟ್. ಅಪ್ಪ ಬೆಳಿಗ್ಗೆ ಗೇಜ್ ನೋಡಿ ಒಂದಿಂಚು ಇಪ್ಪತ್ತು ಸೆಂಟ್ ಇದ್ದರೆ 1.20 ಅಂತಲೇ ಬರೆಯುತ್ತಿದ್ದರು. ಚಿಕ್ಕವನಿದ್ದಾಗ ನಾನು ಒಮ್ಮೆ 1.2 ಅಂತ ಬರೆದಿದ್ದೆ. "ಸೆಂಟ್ ನೋಡ್ದೆ ಬರ್ದಿಯಾ?" ಅಂತ ಕೇಳಿದರು. ಆ ಸೊನ್ನೆ ಅವರು ಕಣ್ಣಿಟ್ಟು ನೋಡಿದ ಸೊನ್ನೆ. ಲ್ಯಾಬ್‌ನಲ್ಲೂ ಹಾಗೇ. ಹೆಡ್ ಸ್ಕೇಲ್ ಸರಿಯಾಗಿ 50ಕ್ಕೆ ಕೂತರೆ 0.50 ಮಿ.ಮೀ. ಬರೆಯಬೇಕು. 0.5 ಅಂತ ಬರೆದರೆ ಕೊನೆಯ ಅಂಕಿ ನೋಡಿಲ್ಲ ಅಂತ ಪರೀಕ್ಷಕರು ಓದಿಕೊಳ್ಳುತ್ತಾರೆ.

ದಶಮಾಂಶ ಸ್ಥಾನಕ್ಕೆ ಬೆಲೆಯೇ ಇಲ್ಲವಾ ಅಂದರೆ ಇದೆ, ಕೂಡುವಾಗ ಮತ್ತು ಕಳೆಯುವಾಗ. ಇದಕ್ಕೂ ಮಳೆ ಪುಸ್ತಕದ ಉದಾಹರಣೆಯೇ ಸಾಕು. ಒಂದು ದಿನ 2.35, ಮರುದಿನ 1.80. ಮೂರನೇ ರಾತ್ರಿ ಗೇಜ್ ತುಂಬಿ ಹೊರಗೆ ಚೆಲ್ಲಿಬಿಟ್ಟಿತು, ಅಪ್ಪ ಅಂದಾಜಿಗೆ "5" ಅಂತ ಬರೆದರು ಅಂದುಕೊಳ್ಳಿ. ಮೂರು ದಿನದ ಒಟ್ಟು 9.15 ಅನ್ನಬಹುದಾ? ಆ ಐದರಲ್ಲಿ ಅರ್ಧ ಇಂಚಿನ ಗ್ಯಾರಂಟಿಯೇ ಇಲ್ಲದಿರುವಾಗ ಹದಿನೈದು ಸೆಂಟಿನ ಲೆಕ್ಕಕ್ಕೆ ಅರ್ಥವಿಲ್ಲ. ಒಟ್ಟು ಸುಮಾರು 9 ಇಂಚು, ಅಷ್ಟೇ. ಕೂಡುವಾಗ, ಕಳೆಯುವಾಗ ಯಾವ ಸಂಖ್ಯೆಗೆ ದಶಮಾಂಶ ಸ್ಥಾನ ಕಡಿಮೆಯೋ ಅಲ್ಲಿಗೆ ಉತ್ತರ ನಿಲ್ಲುತ್ತದೆ. ಗುಣಿಸುವಾಗ, ಭಾಗಿಸುವಾಗ ಯಾವುದಕ್ಕೆ ಸಾರ್ಥಕ ಅಂಕಿ ಕಡಿಮೆಯೋ ಉತ್ತರಕ್ಕೂ ಅಷ್ಟೇ ಅಂಕಿ.

ನಮ್ಮ ತಂತಿಯ ಪ್ರಯೋಗದಲ್ಲಿ ಈ ಎರಡೂ ಒಂದರ ಹಿಂದೆ ಒಂದು ಬರುತ್ತವೆ. ರೆಸಿಸ್ಟೆನ್ಸ್ ಬಾಕ್ಸ್‌ನಲ್ಲಿ 2 ಓಮ್ ತೆಗೆದಿದ್ದೆವು. ಬ್ರಿಡ್ಜ್‌ನ 100 ಸೆಂ.ಮೀ. ಉದ್ದದ ತಂತಿಗೆ ಜಾಕಿ ಮುಟ್ಟಿಸಿದಾಗ ಗ್ಯಾಲ್ವನೋಮೀಟರ್ ಮುಳ್ಳು ಸೊನ್ನೆಗೆ ನಿಂತದ್ದು 59.5 ಸೆಂ.ಮೀ.ನಲ್ಲಿ. ಆಚೆ ಬದಿ 100.0 − 59.5 = 40.5. ಇದು ಕಳೆಯುವ ಲೆಕ್ಕ, ಹಾಗಾಗಿ ಒಂದು ದಶಮಾಂಶ ಸ್ಥಾನ. ಆಮೇಲೆ ನಮ್ಮ ತಂತಿಯ ರೆಸಿಸ್ಟೆನ್ಸ್ R = 2 × 59.5 / 40.5. ಕ್ಯಾಲ್ಕುಲೇಟರ್ 2.938 ಮತ್ತು ಇನ್ನೂ ಉದ್ದ ತೋರಿಸಿತು. ಇದು ಭಾಗಿಸುವ ಲೆಕ್ಕ, 59.5ರಲ್ಲೂ 40.5ರಲ್ಲೂ ಮೂರು ಅಂಕಿ, ಹಾಗಾಗಿ 2.94 ಓಮ್.

ಇಲ್ಲಿ ಅವಳೇ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ಸರ್, 2ರಲ್ಲಿ ಒಂದೇ ಅಂಕಿ ಇದೆ. ಹಾಗಾದ್ರೆ ಉತ್ತರ ಬರೀ 3 ಓಮ್ ಆಗ್ಬೇಕಲ್ವಾ?" ಪ್ರತಿ ವರ್ಷ ಯಾರಾದರೂ ಇದನ್ನು ಕೇಳಲೇಬೇಕು ಅಂತ ನನಗೆ ಆಸೆ. ಆ 2 ನಾವು ಸ್ಕೇಲ್ ಮೇಲೆ ಓದಿದ್ದಲ್ಲ. ಬಾಕ್ಸ್ ಮಾಡಿದವರು ಒಳಗಿನ ಕಾಯಿಲ್ ಅನ್ನು ಆ ಬೆಲೆಗೆ ಹೊಂದಿಸಿ ಕೊಟ್ಟದ್ದು. ಅದರಲ್ಲೂ ಸ್ವಲ್ಪ ದೋಷ ಇರುತ್ತದೆ. ಆದರೂ ಈ ಪ್ರಯೋಗದಲ್ಲಿ ಅದನ್ನು ಪಕ್ಕಾ ಸಂಖ್ಯೆ ಅಂತ ಹಿಡಿಯುತ್ತೇವೆ. ಸರಾಸರಿ ತೆಗೆಯುವಾಗ ಭಾಗಿಸುವ 5, ಸೂತ್ರದಲ್ಲಿರುವ 4 ಇವೂ ಹಾಗೇ. ಅಂಕಿ ಎಣಿಸುವುದು ಅಳೆದದ್ದರಲ್ಲಿ ಮಾತ್ರ.

ಈಗ ಕೊನೆಯ ಲೆಕ್ಕ. ತಂತಿಯ ಉದ್ದ 100.0 ಸೆಂ.ಮೀ., ಅಂದರೆ 1.000 ಮೀ. ρ ರೆಸಿಸ್ಟಿವಿಟಿ, d ವ್ಯಾಸ, L ಉದ್ದ ಅಂತಿಟ್ಟುಕೊಂಡರೆ ಸೂತ್ರ ಇದು:

ρ = πd²R / 4L

ಇಲ್ಲೇ ಮಕ್ಕಳು ಜಾಸ್ತಿ ಎಡವುವುದು. ಮೊದಲು ಅಡ್ಡಕೊಯ್ತದ ವಿಸ್ತೀರ್ಣ ಹಾಕಿದೆವು: 1.6619 × 10⁻⁷ ಚದರ ಮೀಟರ್. ವ್ಯಾಸದಲ್ಲಿ ಎರಡೇ ಅಂಕಿ ಇದೆಯಲ್ಲ ಅಂತ ಅವಳು ತಕ್ಷಣ 1.7 ಮಾಡಿದಳು. ಅದನ್ನು 2.94ರಿಂದ ಗುಣಿಸಿದಾಗ 4.998 ಬಂತು, ಬರೆದದ್ದು 5.0 × 10⁻⁷ ಓಮ್ ಮೀಟರ್. ನಾನು ಪಕ್ಕದಲ್ಲಿ ಮಧ್ಯೆ ಎಲ್ಲೂ ರೌಂಡ್ ಮಾಡದೆ ಹೋದೆ. 4.883 ಬಂತು, ಬರೆದದ್ದು 4.9 × 10⁻⁷. ರೀಡಿಂಗ್ ಒಂದೇ, ನಿಯಮ ಒಂದೇ, ಉತ್ತರ ಮಾತ್ರ ಎರಡು. ಅವಳು ಎರಡು ಪುಟಗಳನ್ನೂ ನೋಡಿ ಸುಮಾರು ಹೊತ್ತು ಸುಮ್ಮನಿದ್ದಳು. ರೌಂಡ್ ಮಾಡಬೇಕಾದದ್ದು ಕೊನೆಯಲ್ಲಿ ಒಂದೇ ಸಲ. ಮಧ್ಯದ ಹೆಜ್ಜೆಗಳಲ್ಲಿ ಬೇಕಾದ್ದಕ್ಕಿಂತ ಒಂದೋ ಎರಡೋ ಅಂಕಿ ಜಾಸ್ತಿ ಇಟ್ಟುಕೊಳ್ಳಬೇಕು. ಕ್ಯಾಲ್ಕುಲೇಟರ್‌ನಲ್ಲಿ ಬಂದ ಸಂಖ್ಯೆಯನ್ನು ಅಳಿಸದೆ ಹಾಗೇ ಮುಂದಕ್ಕೆ ಗುಣಿಸಿದರೆ ಇನ್ನೂ ಒಳ್ಳೆಯದು.

ಬಿಡುವ ಭಾಗ ಸರಿಯಾಗಿ 5 ಆಗಿದ್ದರೆ ಏನು ಮಾಡಬೇಕು ಅಂತಲೂ ಕೇಳುತ್ತಾರೆ. ನಮ್ಮ ಪಿಯುಸಿ ಪಠ್ಯದ ಪ್ರಕಾರ ಹಿಂದಿನ ಅಂಕಿ ಬೆಸವಾದರೆ ಒಂದು ಕೂಡಿ, ಸಮವಾದರೆ ಹಾಗೇ ಬಿಡಿ. 2.735 ಹೋಗಿ 2.74, 2.745 ಕೂಡ 2.74. ಇದರಿಂದ ಅಂಕ ಹೋಗುವುದು ಅಪರೂಪ.

"ಅಷ್ಟು ಕಷ್ಟಪಟ್ಟು ಬ್ರಿಡ್ಜ್‌ನಲ್ಲಿ 2.94 ತಂದು ಕೊನೆಗೆ ಎರಡೇ ಅಂಕಿನಾ ಸರ್?" ಅಂತ ಅವಳಿಗೆ ಬೇಜಾರು. ನಾನು ವ್ಯಾಸವನ್ನು 0.45 ಅಂತ ಹಾಕಿ ಲೆಕ್ಕ ಮಾಡಿಸಿದೆ. 4.7 ಬಂತು. 0.47 ಹಾಕಿಸಿದೆ. 5.1 ಬಂತು. ಹೆಡ್ ಸ್ಕೇಲ್‌ನ ಒಂದೇ ಒಂದು ಗೆರೆ ಆಚೀಚೆ ಆದರೆ ಉತ್ತರ ಇಷ್ಟು ಓಡಾಡುತ್ತದೆ. 0.46ರಲ್ಲಿ 0.01 ಅಂದರೆ ಸುಮಾರು ಶೇಕಡಾ 2. ಸೂತ್ರದಲ್ಲಿ ವ್ಯಾಸದ ವರ್ಗ ಇರುವುದರಿಂದ ಅದು ಸುಮಾರು ಶೇಕಡಾ 4 ಆಗುತ್ತದೆ. 4.9ರ ಎರಡನೇ ಅಂಕಿಯೇ ಅಲುಗಾಡುತ್ತಿರುವಾಗ 4.883 ಅಂತ ಬರೆದರೆ ನಾವು ಅಳೆಯದೇ ಇರುವುದನ್ನು ಅಳೆದೆವು ಅಂದ ಹಾಗೆ. ನಾನು ಪಿಯುಸಿಯಲ್ಲಿ ಬರೆದದ್ದು ಅದನ್ನೇ.

ಅಂಕಿ ಎಣಿಸುವ ನಿಯಮ ಬರೀ ಒಂದು ಅಂದಾಜು ಅನ್ನುವುದನ್ನೂ ಅವಳಿಗೆ ಹೇಳಿದೆ. 9.8 ಮತ್ತು 10.2 ಎರಡನ್ನೂ 0.1ರ ತನಕ ಅಳೆದಿದ್ದರೆ ಎರಡರಲ್ಲೂ ದೋಷ ಸುಮಾರು ಶೇಕಡಾ 1. ಆದರೆ ಒಂದರಲ್ಲಿ ಎರಡು ಅಂಕಿ, ಇನ್ನೊಂದರಲ್ಲಿ ಮೂರು. ಇಂಥ ಕಡೆ ಅನುಮಾನ ಬಂದರೆ ಮೇಲೆ ಮಾಡಿದ ಹಾಗೆ ಒಂದು ಗೆರೆ ಆಚೀಚೆ ಮಾಡಿ ಲೆಕ್ಕ ಹಾಕಿ ನೋಡುತ್ತೇನೆ. ಯಾವ ಅಂಕಿ ಅಲುಗಾಡುತ್ತದೋ ಅದೇ ಕೊನೆಯ ಅಂಕಿ.

ಆ ತಂತಿಯ ತುಂಡನ್ನು ನಾನು ಜೇಬಿಗೆ ಹಾಕಿಕೊಂಡು ಹೋದೆ. ವರ್ಕ್‌ಶಾಪ್ ಇಟ್ಟಿರುವ ಗೆಳೆಯನ ಹತ್ತಿರ 0.001 ಮಿ.ಮೀ. ತನಕ ತೋರಿಸುವ ಡಿಜಿಟಲ್ ಮೈಕ್ರೋಮೀಟರ್ ಇದೆ. ಅದರಲ್ಲಿ ನಾಲ್ಕೈದು ಕಡೆ ಹಿಡಿದು ನೋಡಿದೆ, ಸರಾಸರಿ 0.462 ಬಂತು. ಮರುದಿನ ಆ ಸಂಖ್ಯೆಯನ್ನು ಅವಳಿಗೆ ಕೊಟ್ಟೆ, ಬ್ರಿಡ್ಜ್ ರೀಡಿಂಗ್ ಹಳೆಯದೇ. ಅವಳು ಮಧ್ಯೆ ರೌಂಡ್ ಮಾಡದೆ ಲೆಕ್ಕ ಮುಗಿಸಿದಳು. ಕ್ಯಾಲ್ಕುಲೇಟರ್‌ನಲ್ಲಿ 4.9257 ಇತ್ತು. ಸ್ವಲ್ಪ ಯೋಚಿಸಿ, ಈಗ ವ್ಯಾಸದಲ್ಲೂ ಮೂರು ಅಂಕಿ, R ನಲ್ಲೂ ಮೂರು ಅಂಕಿ ಅಂತ ಬೆರಳಲ್ಲಿ ಎಣಿಸಿ, 4.93 × 10⁻⁷ ಅಂತ ಬರೆದಳು.